‘ಮುಂಗಡ ವಾಪಸಿಲ್ಲ’ ಎಂದು ಮೊಹರು ಒತ್ತುವ ಮುನ್ನ

ರಶೀದಿಯ ಕೆಳಗೆ ‘ಯಾವುದೇ ಕಾರಣಕ್ಕೂ ಮುಂಗಡ ವಾಪಸಿಲ್ಲ’ ಎಂಬ ಮೊಹರು ಒತ್ತಿದರೆ ಬುಕಿಂಗ್ ನಿಯಮ ಮಾಡಿ ಮುಗಿಯಿತು ಎಂದುಕೊಳ್ಳುವವರೇ, ಕಾರ್ಯಕ್ರಮಗಳಿಗೆ ಸಭಾಂಗಣ, ಅಡುಗೆಯಂಥ ಬುಕಿಂಗ್ ಹಿಡಿಯುವ ಮಾಲೀಕರಲ್ಲಿ ಹೆಚ್ಚು. ಆ ಮೊಹರು ಮಾಲೀಕರನ್ನೂ ಕಾಯುವುದಿಲ್ಲ. ಐದು ತಿಂಗಳು ಮುಂಚೆ ರದ್ದು ಮಾಡಿದ ಗಿರಾಕಿಗೆ ಅದು ಅನ್ಯಾಯ. ಮೂರು ದಿನ ಇರುವಾಗ ರದ್ದಾದರೆ ಮಾಲೀಕರಿಗೇ ಪೆಟ್ಟು, ಏಕೆಂದರೆ ಕೈಯಲ್ಲಿರುವ ಮುಂಗಡ ಆಗಿರುವ ನಷ್ಟದ ಅರ್ಧಕ್ಕೂ ಸಾಲದಿರಬಹುದು. ಎರಡು ಕಡೆಯೂ ತಪ್ಪು ಒಂದೇ: ರದ್ದಾದರೆ ನಿಜಕ್ಕೂ ಎಷ್ಟು ನಷ್ಟ ಎಂಬುದನ್ನು ಯಾರೂ ಲೆಕ್ಕ ಹಾಕಿರುವುದಿಲ್ಲ.

ಗಿರಾಕಿ ಕೇಳುವುದು, ‘ಕಾರ್ಯಕ್ರಮವೇ ನಡೆಯಲಿಲ್ಲವಲ್ಲ, ನಿಮಗೇನು ಖರ್ಚಾಯಿತು?’ ಎಂದು. ಮಾಲೀಕರು ಹೇಳುವುದು, ‘ಪೂರ್ತಿ ಬಿಲ್ಲೇ ಹೋಯಿತು’ ಎಂದು. ಇಬ್ಬರೂ ಸರಿಯಿಲ್ಲ.

ಒಂದು ಬುಕಿಂಗಿನ ಒಟ್ಟು ಬಿಲ್ಲು 100 ಭಾಗ ಎಂದಿಟ್ಟುಕೊಳ್ಳಿ. ಅದರಲ್ಲಿ 55 ಭಾಗ ಸಾಮಗ್ರಿ, ದಿನಗೂಲಿ, ಸಾಗಾಟದ್ದು. ಕಾರ್ಯಕ್ರಮ ನಡೆಯದಿದ್ದರೆ ಇದು ಖರ್ಚಾಗುವುದೇ ಇಲ್ಲ. ಉಳಿದ 45ರಲ್ಲಿ ತಿಂಗಳ ಬಾಡಿಗೆ, ತಿಂಗಳ ಸಂಬಳ, ಲಾಭ ಎಲ್ಲ ಸೇರಿದೆ. ತಾರೀಖು ಖಾಲಿ ಹೋದರೆ ಕಳೆದುಕೊಳ್ಳುವುದು ಈ 45ನ್ನು, 100ನ್ನಲ್ಲ. ಇನ್ನು ಅದೇ ತಾರೀಖನ್ನು ಬೇರೆಯವರು 90 ಭಾಗದ ಬಿಲ್ಲಿಗೆ ಹಿಡಿದರು, ಅವರ ಕೆಲಸಕ್ಕೆ 50 ಭಾಗ ಖರ್ಚಾಯಿತು ಎನ್ನಿ. ಆಗ 40 ಕೈಗೆ ಬಂತು. ನಷ್ಟ 5, ಜೊತೆಗೆ ಮೊದಲ ಬುಕಿಂಗಿನ ಓಡಾಟ, ಬರಹದ ಕೆಲಸಕ್ಕೆ 2. ಒಟ್ಟು 7. ಮುಂಗಡವಾಗಿ 25 ಭಾಗ ಪಡೆದಿದ್ದರೆ 18 ಭಾಗ ಗಿರಾಕಿಯದು. ಅದನ್ನೂ ಇಟ್ಟುಕೊಂಡರೆ ಒಂದೇ ತಾರೀಖನ್ನು ಎರಡು ಸಲ ಮಾರಿದ ಹಾಗೆ.

ಈಗ ಇನ್ನೊಂದು ತುದಿ. ಮೂರು ದಿನ ಇರುವಾಗ ರದ್ದಾಯಿತು. ಆ 55ರಲ್ಲಿ 30 ಭಾಗದ ಸಾಮಗ್ರಿ ಬಂದು ಬಿದ್ದಿದೆ, ಮರಳಿಸಲಾಗದು. ನಷ್ಟ 45ಕ್ಕೆ 30 ಸೇರಿ 75. ಕೈಯಲ್ಲಿರುವುದು ಅದೇ 25. ಮೊಹರು ಎಷ್ಟು ದಪ್ಪ ಅಕ್ಷರದಲ್ಲಿದ್ದರೂ ಉಳಿದ 50 ಬರುವುದಿಲ್ಲ.

ಆದ್ದರಿಂದ ಕಂತುಗಳು ನಷ್ಟಕ್ಕಿಂತ ಒಂದು ಹೆಜ್ಜೆ ಮುಂದಿರಬೇಕು. ಮೇಲಿನ ಉದಾಹರಣೆಗೆ ಬುಕಿಂಗ್ ದಿನ 25, ಕಾರ್ಯಕ್ರಮಕ್ಕೆ 60 ದಿನ ಇರುವಾಗ ಇನ್ನು 25, ಸಾಮಗ್ರಿ ಕೊಳ್ಳುವ ಹಿಂದಿನ ದಿನ 30, ಉಳಿದ 20 ಕಾರ್ಯಕ್ರಮದ ಮುನ್ನಾದಿನ. ಕಂತು ಬಾರದೆ ಸಾಮಗ್ರಿ ಕೊಳ್ಳಬಾರದು. ‘ಪರಿಚಯದವರು, ಕೊಡ್ತಾರೆ ಬಿಡಿ’ ಎಂದು ಕೊಂಡು ಕೂತವರೇ ಆಮೇಲೆ ಮುಂದಿನ ಗಿರಾಕಿಯ ಮೇಲೆ ಬಿಗಿ ನಿಯಮ ಹೇರುತ್ತಾರೆ.

ಇಷ್ಟು ದಿನ ಇರುವಾಗ ರದ್ದಾದರೆ ಎಷ್ಟು ಹಿಡಿದುಕೊಳ್ಳಬೇಕು ಎಂಬುದಕ್ಕೆ ಪಕ್ಕದ ಅಂಗಡಿಯ ಕೋಷ್ಟಕವನ್ನು ನಕಲು ಮಾಡಬೇಡಿ. ನಿಮ್ಮದೇ ಬುಕಿಂಗ್ ಪುಸ್ತಕ ತೆಗೆಯಿರಿ. ಹಿಂದಿನ ಎರಡು ವರ್ಷಗಳಲ್ಲಿ, 120 ದಿನ ಇರುವಾಗಲೂ ಖಾಲಿಯಿದ್ದ ತಾರೀಖುಗಳನ್ನು ಗುರುತು ಹಾಕಿ. ಅವುಗಳಲ್ಲಿ ಎಷ್ಟು ಆಮೇಲೆ ತುಂಬಿದವು? 20ರಲ್ಲಿ 14 ತುಂಬಿದ್ದರೆ, ಖಾಲಿ ಉಳಿಯುವ ಸಂಭವ 20ಕ್ಕೆ 6. ಅದನ್ನು 45ಕ್ಕೆ ಗುಣಿಸಿದರೆ 13.5, ಬರಹದ ಕೆಲಸಕ್ಕೆ 2 ಸೇರಿ ಸುಮಾರು 15. ಹಾಗೆಯೇ 60 ದಿನಕ್ಕೆ ಖಾಲಿಯಿದ್ದ 20ರಲ್ಲಿ 8 ತುಂಬಿದ್ದರೆ 29. 30 ದಿನಕ್ಕೆ 3 ಮಾತ್ರ ತುಂಬಿದ್ದರೆ 40. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ: ತುಂಬಿದ ತಾರೀಖುಗಳನ್ನಷ್ಟೇ ಎಣಿಸುತ್ತಾರೆ. ಖಾಲಿ ಹೋದ ದಿನಗಳು ಪುಸ್ತಕದಲ್ಲಿ ಕಾಣುವುದಿಲ್ಲ, ಕ್ಯಾಲೆಂಡರ್ ಇಟ್ಟುಕೊಂಡೇ ಎಣಿಸಬೇಕು. ಬೇಡಿಕೆ ಹೆಚ್ಚಿರುವ ತಿಂಗಳುಗಳನ್ನೂ ಮಂಕು ತಿಂಗಳುಗಳನ್ನೂ ಬೇರೆ ಬೇರೆ ಎಣಿಸಿದರೆ ಒಳ್ಳೆಯದು, ಎರಡರ ಸಂಭವ ಒಂದೇ ಆಗಿರುವುದಿಲ್ಲ.

ಈ ಕೋಷ್ಟಕ ಮಾಡಿಟ್ಟ ಮೇಲೆ ಕೆಲವರು ಒಳ್ಳೆಯತನಕ್ಕೆ ‘ತಾರೀಖನ್ನು ಬೇರೆಯವರು ಹಿಡಿದರೆ, ನಾವು ಹಿಡಿದ ಹಣವನ್ನೂ ವಾಪಸು ಕೊಡುತ್ತೇವೆ’ ಎಂಬ ಸಾಲನ್ನೂ ಸೇರಿಸುತ್ತಾರೆ. ಕೇಳಲು ಚೆನ್ನ, ಲೆಕ್ಕಕ್ಕೆ ಕೆಟ್ಟದ್ದು. ಕೋಷ್ಟಕದ 15 ಎಂಬುದು ಸರಾಸರಿ. ತುಂಬಿದ ತಾರೀಖುಗಳಲ್ಲಿ ಹಿಡಿದ ಹಣವೇ ಖಾಲಿ ಹೋದ ತಾರೀಖುಗಳ 45ನ್ನು ತುಂಬಿಕೊಡಬೇಕು. ತುಂಬಿದಾಗೆಲ್ಲ ವಾಪಸು ಕೊಟ್ಟರೆ, ಖಾಲಿ ಹೋದಾಗ 15 ಮಾತ್ರ ಸಿಕ್ಕಿ 30 ಕೈಬಿಟ್ಟುಹೋಗುತ್ತದೆ. ಒಂದೋ ಕೋಷ್ಟಕ ಇಡಿ, ರದ್ದಾದ ದಿನವೇ ಲೆಕ್ಕ ಮುಗಿಸಿ, ಆಮೇಲೆ ತಾರೀಖು ತುಂಬಿದರೂ ಖಾಲಿ ಉಳಿದರೂ ಇಬ್ಬರೂ ಮಾತಾಡಬಾರದು. ಇಲ್ಲವೋ ಬಂದ ಹಣವನ್ನು ಕಾರ್ಯಕ್ರಮದ ತಾರೀಖು ಕಳೆಯುವವರೆಗೆ ಹಿಡಿದಿಟ್ಟು, ನಿಜವಾಗಿ ಆದ ನಷ್ಟ ಕಳೆದು, ಏಳು ದಿನದೊಳಗೆ ಉಳಿದದ್ದನ್ನು ಹಿಂತಿರುಗಿಸಿ. ತಿಂಗಳಿಗೆ ಹತ್ತಾರು ಬುಕಿಂಗ್ ಇರುವವರಿಗೆ ಮೊದಲನೆಯದು ಸಲೀಸು. ವರ್ಷಕ್ಕೆ ಕೆಲವೇ ಬುಕಿಂಗ್ ಇದ್ದರೆ ಸರಾಸರಿ ಸರಿತೂಗುವುದೇ ಇಲ್ಲ, ಅಂಥವರಿಗೆ ಎರಡನೆಯದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಎರಡನೆಯದರಲ್ಲಿ ತಾರೀಖು ಮತ್ತೆ ತುಂಬಿದ್ದನ್ನು ಮುಚ್ಚಿಡುವ ಆಸೆ ಬರುತ್ತದೆ, ಅದಕ್ಕೆ ಬಲಿಬಿದ್ದರೆ ಹೆಸರು ಹೋಗುತ್ತದೆ.

ತಾರೀಖು ಮುಂದೂಡುವುದೂ ಲೆಕ್ಕದಲ್ಲಿ ರದ್ದೇ. ಹಳೆಯ ದಿನ ಖಾಲಿಯಾಯಿತು ತಾನೆ? ಆದರೂ ಗಿರಾಕಿ ಕೈಬಿಟ್ಟು ಹೋಗಿಲ್ಲ, ಆದ್ದರಿಂದ ಕೋಷ್ಟಕದ ಅರ್ಧದಷ್ಟು ಹಿಡಿದು, ಒಂದೇ ಸಲ ಬದಲಾಯಿಸಲು ಬಿಡುವುದು ನ್ಯಾಯ. ಹಾನಿಗೆಂದು ಇಡಿಸಿಕೊಳ್ಳುವ ಠೇವಣಿಯನ್ನು ಮಾತ್ರ ಇದರೊಳಗೆ ಬೆರೆಸಬೇಡಿ. ಅದಕ್ಕೆ ಬೇರೆ ರಶೀದಿ, ಒಳಗೆ ಬಿಡುವ ಮುನ್ನ ಒಂದಿಷ್ಟು ಫೋಟೋ, ಕಾರ್ಯಕ್ರಮ ಮುಗಿದ ಮೂರು ದಿನದೊಳಗೆ ವಾಪಸು.

ಇನ್ನು ಮಾಲೀಕರೇ ಕೈಕೊಟ್ಟರೆ? ಬಹುಪಾಲು ಕರಾರುಗಳಲ್ಲಿ ಈ ಸಾಲೇ ಇರುವುದಿಲ್ಲ. ಪೂರ್ತಿ ಹಣ ವಾಪಸು, ಜೊತೆಗೆ ಅಷ್ಟೇ ದಿನ ಇರುವಾಗ ಗಿರಾಕಿಯಿಂದ ನೀವು ಹಿಡಿಯುತ್ತಿದ್ದಷ್ಟು ಮೊತ್ತ ನಿಮ್ಮ ಕಡೆಯಿಂದ. ಇದನ್ನು ಬರೆಯಲು ಕೈ ನಡುಗಿದರೆ, ಕೋಷ್ಟಕದ ಅಂಕಿಗಳು ಜಾಸ್ತಿಯಾಗಿವೆ ಎಂದೇ ಅರ್ಥ. ನೆರೆ, ಸರ್ಕಾರದ ನಿಷೇಧದಂಥ, ಯಾರ ತಪ್ಪೂ ಇಲ್ಲದ ಕಾರಣಕ್ಕೆ ನಿಂತರೆ ಬಿಲ್ಲು ತೋರಿಸಬಲ್ಲ ಖರ್ಚನ್ನಷ್ಟೇ ಕಳೆಯಿರಿ. ನಷ್ಟಕ್ಕಿಂತ ಬಹಳ ಹೆಚ್ಚು ಹಿಡಿಯುವ ಷರತ್ತು ಎಲ್ಲ ಕಡೆ ಊರ್ಜಿತವಾಗುವುದಿಲ್ಲ. ನಿಮ್ಮಲ್ಲಿನ ಕಾನೂನು ಏನು ಹೇಳುತ್ತದೆ ಎಂದು ವಕೀಲರಿಗೆ ಒಮ್ಮೆ ತೋರಿಸಿಯೇ ಅಚ್ಚು ಹಾಕಿಸಿ.

ಅಚ್ಚಿಗೆ ಕೊಡುವಾಗ ‘ರದ್ದಾದ ದಿನ’ ಎಂದರೆ ಯಾವುದು ಎಂದು ಬಿಡಿಸಿ ಬರೆಯಿರಿ. ಫೋನಿನಲ್ಲಿ ‘ಬಹುಶಃ ಆಗಲಿಕ್ಕಿಲ್ಲ’ ಎಂದ ದಿನವಲ್ಲ, ಲಿಖಿತ ಸಂದೇಶ ನಿಮಗೆ ತಲುಪಿದ ದಿನ. ತಲುಪಿದೆ ಎಂದು ಅಂದೇ ಉತ್ತರಿಸುವುದು ನಿಮ್ಮ ಹೊಣೆ. ಅದನ್ನೂ ಅದೇ ಸಾಲಿನಲ್ಲಿ ಸೇರಿಸಿ.