ಪಿಸಿಓಎಸ್: ಇನ್ಸುಲಿನ್ ಮಾತು ಕೇಳದ ಸ್ನಾಯು, ಕೇಳುವ ಅಂಡಾಶಯ

ಮುಟ್ಟು ತಪ್ಪುವುದು, ಗಲ್ಲದ ಮೇಲೆ ಕೂದಲು, ಇನ್ಸುಲಿನ್ ಪ್ರತಿರೋಧ. ಹೆಣ್ಣಿನ ಹಾರ್ಮೋನ್ ಏರುಪೇರಾದ ಪಿಸಿಓಎಸ್‌ನಲ್ಲಿ ಕಾಣುವ ಈ ಮೂರನ್ನೂ ಬಾಯಿಪಾಠ ಮಾಡುವುದು ಸುಲಭ. ಒಂದಕ್ಕೊಂದು ಹೇಗೆ ಅಂಟಿಕೊಂಡಿವೆ ಎಂದು ಕೇಳಿದಾಗ ಹೆಚ್ಚಿನವರು ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಅದನ್ನೇ ಮೊದಲು ಬಿಡಿಸೋಣ.

ಎಡವುವ ಜಾಗ

ಪ್ರತಿರೋಧ ಎಂದರೆ ಇನ್ಸುಲಿನ್ ಕೆಲಸ ಮಾಡುತ್ತಿಲ್ಲ ಎಂದರ್ಥ. ಹಾಗಿದ್ದ ಮೇಲೆ ಅದೇ ಇನ್ಸುಲಿನ್ ಅಂಡಾಶಯದಲ್ಲಿ ಆಂಡ್ರೋಜನ್ ಎಂಬ ಪುರುಷ ಹಾರ್ಮೋನನ್ನು ಹೆಚ್ಚಿಸುವುದು ಹೇಗೆ?

ಪ್ರತಿರೋಧ ಇಡೀ ದೇಹಕ್ಕೆ ಒಂದೇ ಸಮನೆ ಬರುವುದಿಲ್ಲ. ಸ್ನಾಯು ಮತ್ತು ಕೊಬ್ಬಿನಲ್ಲಿ ಗ್ಲೂಕೋಸನ್ನು ಒಳಗೆಳೆದುಕೊಳ್ಳುವ ಸಂಕೇತ ಮಂದವಾಗುತ್ತದೆ. ಅದನ್ನು ಸರಿದೂಗಿಸಲು ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಅಂಡಾಶಯದ ಥೀಕಾ ಕೋಶಗಳಲ್ಲಿ ಹಾರ್ಮೋನ್ ತಯಾರಿಸುವ ದಾರಿ ಮಾತ್ರ ಮಂದವಾಗಿರುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ಕಿವಿ ಕೇಳುವುದಿಲ್ಲವೆಂದು ಟಿವಿ ಸದ್ದು ಏರಿಸಿದರೆ, ಕಿವಿ ಚೆನ್ನಾಗಿರುವವರಿಗೆ ಅದು ಕಿರುಚಾಟ. ಸ್ನಾಯು ಮೊದಲನೆಯವರು, ಅಂಡಾಶಯ ಎರಡನೆಯವರು. ಪಿಟ್ಯುಟರಿ ಗ್ರಂಥಿಯಿಂದ ಬರುವ ಎಲ್‌ಎಚ್ ಹಾರ್ಮೋನ್ ಜೊತೆ ಸೇರಿ ಈ ಹೆಚ್ಚುವರಿ ಇನ್ಸುಲಿನ್ ಥೀಕಾ ಕೋಶಗಳಿಂದ ಹೆಚ್ಚು ಆಂಡ್ರೋಜನ್ ಮಾಡಿಸುತ್ತದೆ.

ತೆಳ್ಳಗಿರುವವರಲ್ಲೂ ಇದು ನಡೆಯಬಹುದು. ತೂಕ ಹೆಚ್ಚಿದ್ದರೆ ಜೋರಾಗುತ್ತದೆ, ಅಷ್ಟೇ.

ಯಕೃತ್ತಿನ ಪಾಲು

ಮುಖ್ಯ ಆಂಡ್ರೋಜನ್ ಆದ ಟೆಸ್ಟೋಸ್ಟೆರೋನ್‌ನ ಬಹುಪಾಲು ರಕ್ತದಲ್ಲಿ ಎಸ್‌ಎಚ್‌ಬಿಜಿ ಮತ್ತು ಆಲ್ಬುಮಿನ್ ಎಂಬ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಎಸ್‌ಎಚ್‌ಬಿಜಿಯ ಹಿಡಿತ ಗಟ್ಟಿ. ಅದರಿಂದ ಬಿಡಿಸಿಕೊಂಡದ್ದೇ ಕೂದಲಿನ ಬುಡಕ್ಕೆ ಸುಲಭವಾಗಿ ತಲುಪುವುದು. ಎಸ್‌ಎಚ್‌ಬಿಜಿ ತಯಾರಾಗುವುದು ಯಕೃತ್ತಿನಲ್ಲಿ, ಇನ್ಸುಲಿನ್ ಏರಿದರೆ ಅದು ಇಳಿಯುತ್ತದೆ. ಅಂದರೆ ಇನ್ಸುಲಿನ್ ಒಂದೆಡೆ ಆಂಡ್ರೋಜನ್ ಹೆಚ್ಚಿಸುತ್ತದೆ, ಇನ್ನೊಂದೆಡೆ ಅದರ ಕಟ್ಟನ್ನೂ ಸಡಿಲಿಸುತ್ತದೆ.

ಅಭ್ಯಾಸಕ್ಕೆ ಒಂದು ಉದಾಹರಣೆ ಮಾಡಿಕೊಳ್ಳಿ. 24 ವರ್ಷದ ಯುವತಿ, 50ರಿಂದ 60 ದಿನಕ್ಕೊಮ್ಮೆ ಮುಟ್ಟು, ಮೇಲ್ದುಟಿ ಮತ್ತು ಗಲ್ಲದಲ್ಲಿ ಗಡುಸು ಕೂದಲು, ಕತ್ತಿನ ಹಿಂದೆ ಕಪ್ಪಗೆ ದಪ್ಪಗಾದ ಚರ್ಮ. ಒಟ್ಟು ಟೆಸ್ಟೋಸ್ಟೆರೋನ್ ಲೀಟರಿಗೆ 1.7 ನ್ಯಾನೋಮೋಲ್. ರಿಪೋರ್ಟಿನಲ್ಲಿ "ನಾರ್ಮಲ್" ಎಂದಿದೆ. ಎಸ್‌ಎಚ್‌ಬಿಜಿ ಅದೇ ಅಳತೆಯಲ್ಲಿ 20. ಇಲ್ಲಿ ಫ್ರೀ ಆಂಡ್ರೋಜನ್ ಇಂಡೆಕ್ಸ್ ನೋಡಬೇಕು: ಟೆಸ್ಟೋಸ್ಟೆರೋನನ್ನು 100ರಿಂದ ಗುಣಿಸಿ ಎಸ್‌ಎಚ್‌ಬಿಜಿಯಿಂದ ಭಾಗಿಸುವುದು.

1.7 × 100 ÷ 20 = 8.5

ಅದೇ 1.7 ಇದ್ದು ಎಸ್‌ಎಚ್‌ಬಿಜಿ 50 ಆಗಿದ್ದರೆ ಉತ್ತರ 3.4. ಸಾಮಾನ್ಯವಾಗಿ 5 ದಾಟಿದರೆ ಹೆಚ್ಚು ಎನ್ನುತ್ತಾರೆ. ಟೆಸ್ಟೋಸ್ಟೆರೋನ್ ಒಂದಿಷ್ಟೂ ಬದಲಾಗಲಿಲ್ಲ, ಹಿಡಿದಿಡುವ ಪ್ರೋಟೀನ್ ಕಡಿಮೆಯಾದದ್ದೇ ವ್ಯತ್ಯಾಸ. ಒಟ್ಟು ಅಂಕಿಯೊಂದನ್ನೇ ನೋಡಿ "ಹಾರ್ಮೋನ್ ಸರಿಯಿದೆ" ಎಂದು ಕಳಿಸಿದರೆ ತಪ್ಪುವುದು ಇಲ್ಲೇ.

ಈಕೆಯ ಖಾಲಿಹೊಟ್ಟೆಯ ಸಕ್ಕರೆ 92, ಅದೂ ಸರಿಯಾಗೇ ಕಾಣುತ್ತದೆ. ಹೆಚ್ಚು ಇನ್ಸುಲಿನ್ ಸುರಿದು ದೇಹ ಅದನ್ನು ಅಲ್ಲಿ ಹಿಡಿದಿಟ್ಟಿದೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡಿದರೆ 156. 140ರಿಂದ 199ರ ನಡುವೆ ಬಂದರೆ ಮಧುಮೇಹದ ಹಿಂದಿನ ಹಂತ.

ಮುಟ್ಟು ಏಕೆ ತಪ್ಪುತ್ತದೆ

ಆಂಡ್ರೋಜನ್ ಹೆಚ್ಚು, ಎಲ್‌ಎಚ್ ಹೆಚ್ಚು, ಅದಕ್ಕೆ ಹೋಲಿಸಿದರೆ ಫಾಲಿಕಲ್ ಬೆಳೆಸುವ ಎಫ್‌ಎಸ್‌ಎಚ್ ಹಾರ್ಮೋನ್ ಸಾಲದು. ಹೀಗಾಗಿ ಅಂಡ ಬೆಳೆಯುವ ಪುಟ್ಟ ಚೀಲಗಳಾದ ಫಾಲಿಕಲ್‌ಗಳು 2ರಿಂದ 9 ಮಿಲಿಮೀಟರಿನಲ್ಲೇ ನಿಂತುಬಿಡುತ್ತವೆ. ಸ್ಕ್ಯಾನಿಂಗ್‌ನಲ್ಲಿ ಕಾಣುವ "ನೀರುಗುಳ್ಳೆ" ಇವೇ. ಇವು ಕರಗಿಸಬೇಕಾದ ಗೆಡ್ಡೆಗಳಲ್ಲ, ಬೆಳವಣಿಗೆ ನಿಂತ ಫಾಲಿಕಲ್‌ಗಳು. ಅಂಡ ಬಿಡುಗಡೆಯಾಗದಿದ್ದರೆ ಪ್ರೊಜೆಸ್ಟರೋನ್ ಬರುವುದಿಲ್ಲ. ಮೆದುಳಿನಿಂದ ಬರುವ ಸಂಕೇತದ ವೇಗವನ್ನು ತಗ್ಗಿಸಬೇಕಾದದ್ದು ಅದೇ. ವೇಗ ತಗ್ಗದಿದ್ದರೆ ಎಲ್‌ಎಚ್ ಏರಿಯೇ ಇರುತ್ತದೆ, ಸುತ್ತು ಮತ್ತೆ ಮೊದಲಿನಿಂದ.

ಪ್ರೊಜೆಸ್ಟರೋನ್ ಇಲ್ಲದೆ ಈಸ್ಟ್ರೋಜನ್ ಒಂದೇ ಕೆಲಸ ಮಾಡುತ್ತಿದ್ದರೆ ಗರ್ಭಾಶಯದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ. 90 ದಿನ ದಾಟಿದರೂ ಮುಟ್ಟಾಗದಿದ್ದರೆ ವೈದ್ಯರಿಗೆ ತೋರಿಸಬೇಕು ಎನ್ನುವುದು ಇದಕ್ಕೇ.

ವಯಸ್ಕರಲ್ಲಿ ಮುಟ್ಟಿನ ಅಂತರ 35 ದಿನ ಮೀರಿದ್ದು, ಆಂಡ್ರೋಜನ್ ಲಕ್ಷಣವೂ ಇದ್ದರೆ ನಿರ್ಣಯಕ್ಕೆ ಸ್ಕ್ಯಾನಿಂಗ್ ಬೇಕಿಲ್ಲ. ಆದರೆ ಥೈರಾಯ್ಡ್, ಪ್ರೊಲ್ಯಾಕ್ಟಿನ್, 17-ಹೈಡ್ರಾಕ್ಸಿಪ್ರೊಜೆಸ್ಟರೋನ್ ನೋಡಿ ಬೇರೆ ಕಾರಣ ತಳ್ಳಿಹಾಕಲೇಬೇಕು. ಕೆಲವೇ ತಿಂಗಳಲ್ಲಿ ಕೂದಲು ವೇಗವಾಗಿ ಹೆಚ್ಚಿ ಧ್ವನಿಯೂ ಗಡುಸಾದರೆ ಪಿಸಿಓಎಸ್ ಎಂದು ಸುಮ್ಮನಾಗಬಾರದು, ಆಂಡ್ರೋಜನ್ ಸುರಿಸುವ ಗೆಡ್ಡೆಯನ್ನು ಹುಡುಕಬೇಕು.

ಕೂದಲು

ಕೂದಲಿನ ಬುಡದಲ್ಲಿ ಟೆಸ್ಟೋಸ್ಟೆರೋನ್ ಡಿಎಚ್‌ಟಿ ಎಂಬ ಇನ್ನೂ ಪ್ರಬಲ ಆಂಡ್ರೋಜನ್ ಆಗಿ ಬದಲಾಗಿ ತೆಳು ರೋಮವನ್ನು ದಪ್ಪ ಕಪ್ಪು ಕೂದಲಾಗಿಸುತ್ತದೆ. ಒಮ್ಮೆ ಹಾಗಾದ ಕೂದಲು ಹಾರ್ಮೋನ್ ಇಳಿದ ತಕ್ಷಣ ಹಿಂದಿರುಗುವುದಿಲ್ಲ. ಅದರ ಬೆಳವಣಿಗೆಯ ಚಕ್ರ ಮುಗಿಯಬೇಕು, ಆದ್ದರಿಂದ ಔಷಧಿಯ ಫಲ ತಿಳಿಯಲು ಕನಿಷ್ಠ ಆರು ತಿಂಗಳು ಬೇಕು. ಎರಡು ತಿಂಗಳಿಗೇ "ಗುಣವಾಗಲಿಲ್ಲ" ಎಂದು ಬಿಡುವವರು ಇದನ್ನು ತಿಳಿಯದವರು. ಪರೀಕ್ಷೆಗೆ ಹೋಗುವಾಗ ಥ್ರೆಡ್ಡಿಂಗ್, ವ್ಯಾಕ್ಸಿಂಗ್ ಮಾಡಿಸಿದ್ದರೆ ಹೇಳಲೇಬೇಕು, ಇಲ್ಲದಿದ್ದರೆ ಕೂದಲು ಎಷ್ಟಿದೆ ಎಂದು ನೋಡಿ ವೈದ್ಯರು ಕೊಡುವ ಅಂಕ ಸುಳ್ಳಾಗಿ ಕಡಿಮೆ ಬರುತ್ತದೆ.

ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಇಲ್ಲಿ ಉಪಯೋಗಕ್ಕೆ ಬರುವುದು ಎರಡು ದಾರಿಯಲ್ಲಿ: ಎಲ್‌ಎಚ್ ಇಳಿಸುತ್ತದೆ, ಎಸ್‌ಎಚ್‌ಬಿಜಿ ಏರಿಸುತ್ತದೆ. ಆದ್ದರಿಂದಲೇ ಮಾತ್ರೆ ನುಂಗುತ್ತಿರುವಾಗ ರಕ್ತ ಪರೀಕ್ಷೆ ಮಾಡಿಸಿದರೆ ಮೇಲಿನ ಲೆಕ್ಕ ಸುಳ್ಳಾಗುತ್ತದೆ. ವೈದ್ಯರ ಸಲಹೆಯಂತೆ ಮಾತ್ರೆ ನಿಲ್ಲಿಸಿ ಕನಿಷ್ಠ ಮೂರು ತಿಂಗಳ ನಂತರ ಮಾಡಿಸಿದ ಪರೀಕ್ಷೆಯ ಅಂಕಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.