ಖಾಲಿ ಸೆಲ್ ಸೊನ್ನೆಯಲ್ಲ: ಪ್ರವಾಸ ನಿಯಮಾವಳಿಯಿಂದ ದರಪಟ್ಟಿ ತೆಗೆಯುವ ಕ್ರಮ

ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ಘಟಕದ ಲೆಕ್ಕ ನೋಡುತ್ತಿದ್ದಾಗ, ಅಲ್ಲಿನ ಸೂಪರ್‌ವೈಸರ್ ಒಬ್ಬರ ಟಿ.ಎ. ಬಿಲ್ ನನ್ನ ಮುಂದೆ ಬಂತು. ಕಂಟೇನರ್‌ಗೆ ಸರಕು ತುಂಬುವುದನ್ನು ನೋಡಿಕೊಳ್ಳಲು ಅವರು ಮಂಗಳೂರಿಗೆ ಹೋಗಿ ಒಂದು ರಾತ್ರಿ ಲಾಡ್ಜಿನಲ್ಲಿ ಉಳಿದಿದ್ದರು. ಲಾಡ್ಜಿನ ಬಿಲ್ 1,650 ರೂಪಾಯಿ. ಕಚೇರಿಯ ಎಕ್ಸೆಲ್ ಪಟ್ಟಿ ಅವರ ಗ್ರೇಡಿಗೆ ವಸತಿ ಮಿತಿ ‘0’ ಎಂದು ತೋರಿಸಿದ್ದರಿಂದ, ಗುಮಾಸ್ತರು ಪೂರ್ತಿ ಮೊತ್ತವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ‘ಅರ್ಹತೆ ಇಲ್ಲ’ ಎಂದು ಬರೆದಿದ್ದರು. ಮೂಲ ನಿಯಮಾವಳಿಯನ್ನು ತೆರೆದು ನೋಡಿದರೆ, ಅವರ ಗ್ರೇಡಿಗೆ ಮಂಗಳೂರಿನಲ್ಲಿ 1,800 ರೂಪಾಯಿಯವರೆಗೆ ಅವಕಾಶವಿತ್ತು.

ತಪ್ಪು ಗುಮಾಸ್ತರದ್ದಾಗಿರಲಿಲ್ಲ, ಪಟ್ಟಿಯನ್ನು ತಯಾರಿಸಿದ ರೀತಿಯಲ್ಲಿತ್ತು. ನಿಯಮಾವಳಿಯ ಪಿಡಿಎಫ್‌ನಲ್ಲಿ ಎಸ್1, ಎಸ್2, ಎಸ್3 ಎಂಬ ಮೂರು ಗ್ರೇಡುಗಳ ಎದುರು ಒಂದೇ ದೊಡ್ಡ ಚೌಕದೊಳಗೆ ‘1,800’ ಎಂದು ಮುದ್ರಿಸಲಾಗಿತ್ತು. ಓದುವ ಕಣ್ಣಿಗೆ ಅದು ಮೂವರಿಗೂ ಸೇರಿದ್ದೆಂದು ಸ್ಪಷ್ಟವಾಗಿ ತಿಳಿಯುತ್ತದೆ. ಆದರೆ ಅದನ್ನು ಎಕ್ಸೆಲ್‌ಗೆ ತಂದು ಮರ್ಜ್ ಬಿಡಿಸಿದಾಗ ಸಂಖ್ಯೆ ಮೇಲಿನ ಎಸ್1 ಸಾಲಿನಲ್ಲಿ ಮಾತ್ರ ಉಳಿದು, ಎಸ್2 ಮತ್ತು ಎಸ್3 ಸಾಲುಗಳು ಖಾಲಿಯಾದವು. ಖಾಲಿ ಸೆಲ್ ಸಿಕ್ಕರೆ VLOOKUP ದೋಷವನ್ನೇನೂ ತೋರಿಸುವುದಿಲ್ಲ, ಸುಮ್ಮನೆ 0 ಕೊಡುತ್ತದೆ. ದೋಷ ತೋರಿಸಿದ್ದರೆ ಯಾರಾದರೂ ವಿಚಾರಿಸುತ್ತಿದ್ದರು. ಸೊನ್ನೆಯನ್ನು ಕಂಡು ಎಲ್ಲರೂ ಅದೇ ನಿಯಮವೆಂದು ನಂಬಿದರು.

ಆದ್ದರಿಂದ ನಿಯಮಾವಳಿಯಲ್ಲಿರುವ ಕೋಷ್ಟಕವನ್ನು ಅದೇ ಆಕಾರದಲ್ಲಿ ನಕಲು ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ಬಿಡಿಸಿ, ಒಂದು ಗ್ರೇಡ್, ಒಂದು ಬಾಬ್ತು, ಒಂದು ವರ್ಗದ ಊರು ಮತ್ತು ಒಂದು ಅವಧಿಗೆ ಒಂದೇ ಸಾಲು ಬರುವಂತೆ ಬರೆಯಬೇಕು. ಮೇಲಿನ ಚೌಕವನ್ನು ಹೀಗೆ ಬಿಡಿಸಿದೆವು (ಅಂಕಿಗಳನ್ನೂ ದಿನಾಂಕಗಳನ್ನೂ ಉದಾಹರಣೆಗಾಗಿ ಬದಲಿಸಿದ್ದೇನೆ):

```
grade,item,place,kind,limit,from,to,clause
S1,LODGE,B,CAP,1800,2023-04-01,2024-09-30,6.2
S2,LODGE,B,CAP,1800,2023-04-01,2024-09-30,6.2
S3,LODGE,B,CAP,1800,2023-04-01,2024-09-30,6.2
M3,LODGE,B,ACTUAL,NA,2023-04-01,2024-09-30,6.2
```

ಒಂದೇ ಸಂಖ್ಯೆಯನ್ನು ಮೂರು ಸಲ ಬರೆಯುವುದು ದಡ್ಡ ಕೆಲಸವೆಂದು ಮೊದಲ ನೋಟಕ್ಕೆ ಅನ್ನಿಸುತ್ತದೆ, ಆದರೆ ಹುಡುಕುವ ಸೂತ್ರಕ್ಕೆ ಬೇಕಾದದ್ದು ಅದೇ. ಕೊನೆಯ ಕಾಲಂನಲ್ಲಿರುವ ಕಲಂ ಸಂಖ್ಯೆಯನ್ನು ಎಂದೂ ಕೈಬಿಡಬೇಡಿ. ಬಿಲ್ ಕಡಿತವಾದ ನೌಕರರು ‘ಯಾವ ನಿಯಮದ ಪ್ರಕಾರ?’ ಎಂದು ಕೇಳಿದಾಗ ಗುಮಾಸ್ತರು ತೋರಿಸಬೇಕಾದದ್ದು ಎಕ್ಸೆಲ್ ಅನ್ನಲ್ಲ, ಆ ಕಲಮನ್ನು.

ನಾಲ್ಕನೆಯ kind ಕಾಲಂ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮುದ್ರಿತ ಕೋಷ್ಟಕದಲ್ಲಿ ಒಂದು ಸೆಲ್ ಖಾಲಿ ಕಂಡರೆ ಅಥವಾ ಅಲ್ಲೊಂದು ಅಡ್ಡಗೆರೆ ಇದ್ದರೆ ಅದಕ್ಕೆ ಕನಿಷ್ಠ ಮೂರು ಅರ್ಥಗಳಿರಬಹುದು: ಮೇಲಿನ ಸಂಖ್ಯೆಯೇ ಕೆಳಗೂ ಅನ್ವಯಿಸುತ್ತದೆ, ಈ ಗ್ರೇಡಿಗೆ ಆ ಸೌಲಭ್ಯವೇ ಇಲ್ಲ, ಅಥವಾ ಮಿತಿಯಿಲ್ಲದೆ ವಾಸ್ತವಿಕ ಖರ್ಚನ್ನು ಕೊಡಲಾಗುತ್ತದೆ. ಇವು ಒಂದಕ್ಕೊಂದು ತೀರ ವಿರುದ್ಧವಾದ ಅರ್ಥಗಳು. ಹಿರಿಯ ವ್ಯವಸ್ಥಾಪಕರಿಗೆ ‘ವಾಸ್ತವಿಕ’ ಎಂದಿರುವಲ್ಲಿ ಸೊನ್ನೆ ಬಂದರೆ ಅವರು ಫೋನ್ ಮಾಡಿ ಸರಿಪಡಿಸಿಕೊಳ್ಳುತ್ತಾರೆ; ಸೂಪರ್‌ವೈಸರ್‌ಗೆ ಬಂದ ಸೊನ್ನೆ ಹಾಗೆಯೇ ಉಳಿದುಬಿಡುತ್ತದೆ. ಮಿತಿ ಇದ್ದರೆ CAP, ವಾಸ್ತವಿಕವಾದರೆ ACTUAL, ಅರ್ಹತೆ ಇಲ್ಲದಿದ್ದರೆ NONE ಎಂದು ಬರೆದು, ಪಟ್ಟಿಯಲ್ಲಿ ಒಂದು ಸೆಲ್ಲನ್ನೂ ಖಾಲಿ ಬಿಡಬಾರದು. ಯಾವ ಅರ್ಥವೆಂದು ನಿಯಮಾವಳಿಯಿಂದ ತಿಳಿಯದಿದ್ದರೆ ಊಹಿಸದೆ, ಮಾನವ ಸಂಪನ್ಮೂಲ ವಿಭಾಗದಿಂದ ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳಬೇಕು.

ಕೋಷ್ಟಕದ ಕೆಳಗೆ ಸಣ್ಣ ಅಕ್ಷರದಲ್ಲಿರುವ ಟಿಪ್ಪಣಿಗಳಲ್ಲೇ ಬಹಳಷ್ಟು ಹಣ ಅಡಗಿರುತ್ತದೆ. ಈ ಕಂಪನಿಯಲ್ಲಿ ಬೆಂಗಳೂರಿನಂಥ ಮಹಾನಗರಗಳು ಎ, ಮೈಸೂರು ಮತ್ತು ಮಂಗಳೂರು ಬಿ, ಉಳಿದ ಊರುಗಳೆಲ್ಲ ಸಿ. ಹಾಗಾಗಿ ಮಡಿಕೇರಿ ಸಿ ವರ್ಗಕ್ಕೆ ಸೇರಿತು. ಆದರೆ ನಕ್ಷತ್ರ ಚಿಹ್ನೆಯ ಟಿಪ್ಪಣಿಯೊಂದು ‘ಗಿರಿಧಾಮಗಳಿಗೆ ವಸತಿಯಲ್ಲಿ ಮಾತ್ರ ಒಂದು ವರ್ಗ ಮೇಲಿನ ದರ’ ಎಂದು ಹೇಳುತ್ತಿತ್ತು. ದಸರಾ ಮತ್ತು ಡಿಸೆಂಬರ್ ರಜೆಯಲ್ಲಿ ಮಡಿಕೇರಿಯ ಕೋಣೆ ಬಾಡಿಗೆ ಎಲ್ಲಿಗೇರುತ್ತದೆ ಎಂಬುದನ್ನು ಬಲ್ಲವರಿಗೆ ಈ ಟಿಪ್ಪಣಿಯ ಬೆಲೆ ಅರ್ಥವಾಗುತ್ತದೆ. ಇದನ್ನು ಪಟ್ಟಿಗೆ ತರಲು ಪ್ರತಿ ಬಿಲ್ಲಿನಲ್ಲೂ ವಿನಾಯಿತಿ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಊರಿನಿಂದ ವರ್ಗಕ್ಕೆ ಹೋಗುವ ಚಿಕ್ಕದೊಂದು ಪಟ್ಟಿಯನ್ನು ಪ್ರತ್ಯೇಕವಾಗಿಟ್ಟು, ಅದರಲ್ಲಿ ವಸತಿಗೆ ಒಂದು ಕಾಲಂ, ದಿನಭತ್ಯೆಗೆ ಒಂದು ಕಾಲಂ ಇಟ್ಟರೆ ಸಾಕು. ಆಗ ಮಡಿಕೇರಿಯ ಸಾಲು ವಸತಿಗೆ ಬಿ, ದಿನಭತ್ಯೆಗೆ ಸಿ ಎಂದಾಗುತ್ತದೆ. ಕುಶಾಲನಗರವೂ ಗಿರಿಧಾಮವೇ ಎಂಬ ಪ್ರಶ್ನೆಗೆ ನಿಯಮಾವಳಿ ಉತ್ತರ ಹೇಳಿರಲಿಲ್ಲ, ಅದನ್ನೂ ಪತ್ರ ಬರೆದು ಕೇಳಬೇಕಾಯಿತು.

ಪ್ರಯಾಣ ದರ್ಜೆಯ ವಿಚಾರ ಬೇರೆ, ಏಕೆಂದರೆ ಅಲ್ಲಿ ಮಿತಿ ರೂಪಾಯಿಯಲ್ಲಿಲ್ಲ, ಮೇಲುಕೆಳಗಿನ ಕ್ರಮದಲ್ಲಿದೆ. ‘ಎಸಿ ಥ್ರೀ ಟಯರ್’ ಎಂದು ಅಕ್ಷರದಲ್ಲಿ ಬರೆದಿಟ್ಟರೆ, ಸ್ಲೀಪರ್‌ನಲ್ಲಿ ಹೋಗಿಬಂದವರ ಬಿಲ್ಲನ್ನೂ ಸೂತ್ರ ‘ಹೊಂದಿಕೆಯಾಗುತ್ತಿಲ್ಲ’ ಎಂದು ತಳ್ಳಿಹಾಕುತ್ತದೆ. ಅದರ ಬದಲು ದರ್ಜೆಗಳಿಗೆ ಸಂಖ್ಯೆ ಕೊಡಬೇಕು: ಸ್ಲೀಪರ್ 1, ಎಸಿ ಥ್ರೀ ಟಯರ್ 2, ಎಸಿ ಟೂ ಟಯರ್ 3, ಎಸಿ ಫಸ್ಟ್ 4. ಪ್ರಯಾಣಿಸಿದ ದರ್ಜೆಯ ಸಂಖ್ಯೆ ಅರ್ಹ ದರ್ಜೆಯ ಸಂಖ್ಯೆಯನ್ನು ಮೀರದಿದ್ದರೆ ಬಿಲ್ ಸರಿಯೆಂದು ಲೆಕ್ಕ. ಚೇರ್ ಕಾರ್ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅನೇಕ ನಿಯಮಾವಳಿಗಳು ಹೇಳುವುದೇ ಇಲ್ಲ. ನಮ್ಮವರು ಮೈಸೂರಿನಿಂದ ಹಿಡಿಯುವ ಶತಾಬ್ದಿ ಮತ್ತು ವಂದೇ ಭಾರತ್ ರೈಲುಗಳಲ್ಲಿ ಆಸನಗಳಿವೆಯೇ ಹೊರತು ಬರ್ತ್‌ಗಳಿಲ್ಲದ ಕಾರಣ, ಇದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಕೊಡಗಿನಲ್ಲಿ ಇನ್ನೊಂದು ತೊಡಕಿದೆ. ಜಿಲ್ಲೆಯಲ್ಲಿ ರೈಲು ಮಾರ್ಗವಿಲ್ಲ, ವಿಮಾನ ನಿಲ್ದಾಣವಿಲ್ಲ. ಬೆಂಗಳೂರಿನ ಕೇಂದ್ರ ಕಚೇರಿಯಲ್ಲಿ ಕುಳಿತು ಬರೆದ ನಿಯಮಾವಳಿಯ ಮುಖ್ಯ ಕೋಷ್ಟಕ ರೈಲು ಮತ್ತು ವಿಮಾನವನ್ನು ಮಾತ್ರ ಹೇಳಿ, ಬಸ್ಸಿನ ಮಾತನ್ನು ‘ರೈಲು ಸಂಪರ್ಕವಿಲ್ಲದ ಕಡೆ’ ಎಂಬ ಒಂದು ವಾಕ್ಯದಲ್ಲಿ ಮುಗಿಸಿತ್ತು. ಮಡಿಕೇರಿಯಿಂದ ಮೈಸೂರಿನವರೆಗಿನ ಸುಮಾರು 120 ಕಿಲೋಮೀಟರ್ ರಸ್ತೆಯೇ ಇಲ್ಲಿನ ಬಹುತೇಕ ಬಿಲ್ಲುಗಳ ಮೊದಲ ಸಾಲಾಗಿರುವಾಗ ಆ ವಾಕ್ಯವೇ ನಮಗೆ ಮುಖ್ಯ. ಅದನ್ನು ಪ್ರತಿ ಗ್ರೇಡಿಗೂ ಬಸ್ಸಿನ ಪ್ರತ್ಯೇಕ ಸಾಲಾಗಿ ಬಿಡಿಸಿ, ಕೆಂಪು ಬಸ್ 1, ರಾಜಹಂಸ 2, ಐರಾವತ 3 ಎಂದು ಕ್ರಮ ಕೊಟ್ಟೆವು. ಒಂದು ಪ್ರಯಾಣದಲ್ಲಿ ಬಸ್ಸೂ ರೈಲೂ ಇದ್ದರೆ ಬಿಲ್ಲಿನಲ್ಲಿ ಎರಡು ಸಾಲು, ಎರಡು ಹುಡುಕಾಟ.

ದಿನಭತ್ಯೆಯಲ್ಲಿ ಮೊತ್ತಕ್ಕಿಂತ ದಿನವನ್ನು ಎಣಿಸುವ ಕ್ರಮವೇ ಹೆಚ್ಚು ಗೊಂದಲ ತರುತ್ತದೆ. ಕೇಂದ್ರ ಸರ್ಕಾರಿ ನೌಕರರಿಗೆ 2017ರ ಜುಲೈ ಆದೇಶದಲ್ಲಿ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಲೆಕ್ಕ ಹಿಡಿದು, ಕೇಂದ್ರಸ್ಥಾನದಿಂದ ದೂರವಿದ್ದದ್ದು 6 ಗಂಟೆಗಿಂತ ಕಡಿಮೆಯಾದರೆ ಶೇ 30, 6ರಿಂದ 12 ಗಂಟೆಯಾದರೆ ಶೇ 70, ಅದಕ್ಕೂ ಹೆಚ್ಚಾದರೆ ಪೂರ್ತಿ ಕೊಡುವ ನಿಯಮವಿದೆ. ಇದೇ ಶೇಕಡಾವಾರು ಇಟ್ಟುಕೊಂಡು, ಹೊರಟ ಗಳಿಗೆಯಿಂದ 24 ಗಂಟೆ ಎಣಿಸುವ ಕಂಪನಿಗಳೂ ಇವೆ. ನಮ್ಮ ಸೂಪರ್‌ವೈಸರ್ ಬೆಳಿಗ್ಗೆ 5.30ಕ್ಕೆ ಹೊರಟು ಮರುದಿನ 11 ಗಂಟೆಗೆ ಮರಳಿದರು. ಮೊದಲ ಕ್ರಮದಲ್ಲಿ ಮೊದಲ ದಿನ ಪೂರ್ತಿ, ಎರಡನೆಯ ದಿನ 11 ಗಂಟೆಗೆ ಶೇ 70. ದಿನಕ್ಕೆ 400 ರೂಪಾಯಿಯಂತೆ ಒಟ್ಟು 680. ಎರಡನೆಯ ಕ್ರಮದಲ್ಲಿ ಇಪ್ಪತ್ತೊಂಬತ್ತೂವರೆ ಗಂಟೆ ಎಂದರೆ ಒಂದು ದಿನ ಮತ್ತು ಐದೂವರೆ ಗಂಟೆ, ಅಂದರೆ 520. ದರಪಟ್ಟಿಯ 400 ಎರಡರಲ್ಲೂ ಸರಿಯೇ. ಎಣಿಕೆಯ ಕ್ರಮವನ್ನೂ ಶೇಕಡಾವಾರನ್ನೂ ಬೇರೆ ಹಾಳೆಯಲ್ಲಿ, ಅದರದೇ ಕಲಂ ಸಂಖ್ಯೆಯೊಂದಿಗೆ ಬರೆದಿಡಬೇಕು.

ಇನ್ನು ಅವಧಿ. ಮೇಲೆ ಹೇಳಿದ ಕೇಂದ್ರದ ಆದೇಶದಲ್ಲೇ, ತುಟ್ಟಿಭತ್ಯೆ ಶೇ 50ರಷ್ಟು ಏರಿದಾಗ ವಸತಿಯ ಮಿತಿಯೂ ಶೇ 25ರಷ್ಟು ಏರುತ್ತದೆ ಎಂಬ ವಾಕ್ಯವಿದೆ. 2024ರ ಜನವರಿಯಿಂದ ತುಟ್ಟಿಭತ್ಯೆ ಶೇ 50 ಮುಟ್ಟಿತು. 9ರಿಂದ 11ನೆಯ ವೇತನ ಹಂತದವರಿಗೆ ಕೋಷ್ಟಕದಲ್ಲಿ ಮುದ್ರಿತವಾಗಿರುವ 2,250 ರೂಪಾಯಿ ಆ ವಾಕ್ಯದ ಪ್ರಕಾರ 2,812.50 ಆಗುತ್ತದೆ. ಕೋಷ್ಟಕವನ್ನಷ್ಟೇ ನಕಲು ಮಾಡಿದವರಿಗೆ ಇದು ಸಿಗುವುದಿಲ್ಲ. ಕಂಪನಿಗಳಲ್ಲಿ ಇಂಥ ಏರಿಕೆ ಸುತ್ತೋಲೆಯ ಮೂಲಕ ಬರುತ್ತದೆ. ಆಗ ಹಳೆಯ ಸಂಖ್ಯೆಯನ್ನು ಅಳಿಸಿ ತಿದ್ದದೆ, ಹಳೆಯ ಸಾಲಿನ to ದಿನಾಂಕವನ್ನು ಮುಚ್ಚಿ, 9999-12-31ರವರೆಗಿನ ಹೊಸ ಸಾಲನ್ನು ಸೇರಿಸಬೇಕು. ತಡವಾಗಿ ಬಂದ ಬಿಲ್ಲಿಗೆ ಅನ್ವಯಿಸುವುದು ಬಿಲ್ ಸಲ್ಲಿಸಿದ ದಿನದ ದರವಲ್ಲ, ತಂಗಿದ ರಾತ್ರಿಯ ದರ.

ಹಳೆಯ ಸಾಲನ್ನು ಮುಚ್ಚಲು ಮರೆತರೆ ಏನಾಗುತ್ತದೆ ಎಂಬುದನ್ನು ಆ ಘಟಕದಲ್ಲೇ ಪರೀಕ್ಷಿಸಿ ತೋರಿಸಿದೆ. ಮಿತಿಯನ್ನು ನಾವು SUMIFS ಮೂಲಕ ತರುತ್ತಿದ್ದೆವು. ಹಳೆಯ 1,800 ಮತ್ತು ಹೊಸ 2,100 ಎರಡೂ ಒಂದೇ ದಿನಾಂಕಕ್ಕೆ ಹೊಂದಿದಾಗ ಅದು ಎರಡನ್ನೂ ಕೂಡಿಸಿ 3,900 ಎಂದಿತು. ಅದಕ್ಕಾಗಿ ಮಿತಿಯನ್ನು ಓದುವ ಮೊದಲು ಹೊಂದುವ ಸಾಲುಗಳೆಷ್ಟು ಎಂದು ಎಣಿಸುವ ಈ ಸೂತ್ರವನ್ನು ಪ್ರತಿ ಬಿಲ್ಲಿನ ಪಕ್ಕದಲ್ಲಿ ಇಡುತ್ತೇನೆ:

```
=COUNTIFS(T[grade],B2,T[item],C2,T[place],D2,
 T[from],"<="&E2,T[to],">="&E2)
```

ಉತ್ತರ 1 ಬಂದರೆ ಮಾತ್ರ ಮುಂದುವರಿಯಬೇಕು. 0 ಎಂದರೆ ಸಾಲು ಬಿಟ್ಟುಹೋಗಿದೆ, ಅಥವಾ ಗ್ರೇಡನ್ನು ಒಂದು ಕಡೆ S2, ಇನ್ನೊಂದು ಕಡೆ S-2 ಎಂದು ಬರೆಯಲಾಗಿದೆ. 2 ಎಂದರೆ ಅವಧಿಗಳು ಒಂದರ ಮೇಲೊಂದು ಬಿದ್ದಿವೆ. ಇದಲ್ಲದೆ ಒಟ್ಟು ಸಾಲುಗಳನ್ನೂ ಎಣಿಸಿ ನೋಡಬೇಕು: ಆರು ಗ್ರೇಡ್, ಮೂರು ವರ್ಗದ ಊರು, ವಸತಿ ಮತ್ತು ದಿನಭತ್ಯೆ ಎಂಬ ಎರಡು ಬಾಬ್ತು ಸೇರಿ ಒಂದು ಅವಧಿಗೆ 36 ಸಾಲುಗಳಿರಬೇಕು. ನಮ್ಮ ಮೊದಲ ಪ್ರಯತ್ನದಲ್ಲಿ 34 ಬಂದವು. ಬಿಟ್ಟುಹೋದ ಎರಡೂ ಸಾಲುಗಳು ಪಿಡಿಎಫ್‌ನ ಪುಟ ತಿರುಗುವಲ್ಲಿ, ಮುಂದಿನ ಪುಟದ ತಲೆಬರಹದ ಕೆಳಗೆ ಸಿಕ್ಕಿಕೊಂಡಿದ್ದವು.

ಕೊನೆಗೆ, ಹಿಂದಿನ ವರ್ಷ ಪಾವತಿಯಾದ 20 ಬಿಲ್ಲುಗಳನ್ನು ಪ್ರತಿ ಗ್ರೇಡೂ ಬರುವಂತೆ ಆರಿಸಿ, ಒಬ್ಬರು ನಿಯಮಾವಳಿಯನ್ನು ಓದಿ ಕೈಯಲ್ಲಿ ಲೆಕ್ಕ ಹಾಕಿದರು, ಇನ್ನೊಬ್ಬರು ಪಟ್ಟಿಯಿಂದ ತೆಗೆದರು. ಮೂರು ಬಿಲ್ಲುಗಳಲ್ಲಿ ಉತ್ತರ ಬೇರೆಯಾಯಿತು, ಮೂರಕ್ಕೂ ಕಾರಣ ಒಂದೇ: ವಸತಿ ಮಿತಿ ತೆರಿಗೆ ಸೇರಿಯೋ, ತೆರಿಗೆ ಹೊರತಾಗಿಯೋ ಎಂಬುದು 6.2ರಲ್ಲಿ ಇರಲಿಲ್ಲ, ಎರಡು ಪುಟಗಳಾಚೆಯ 9.4ರಲ್ಲಿ ‘ತೆರಿಗೆ ಹೊರತುಪಡಿಸಿ’ ಎಂದಿತ್ತು. ಪಟ್ಟಿಗೆ tax ಎಂಬ ಇನ್ನೊಂದು ಕಾಲಂ ಸೇರಿತು. ಸೂಪರ್‌ವೈಸರ್ ಅವರ 1,650 ರೂಪಾಯಿಯನ್ನು ಮರುತಿಂಗಳ ಸಂಬಳದ ಜೊತೆಗೆ ಕೊಡಲಾಯಿತು. ಅದೇ ಸೊನ್ನೆಯಿಂದ ಕಡಿತವಾಗಿದ್ದ ಎಸ್2, ಎಸ್3 ಗ್ರೇಡಿನವರ ಹಳೆಯ ಬಿಲ್ಲುಗಳನ್ನೂ ಗುಮಾಸ್ತರು ಕಡತದಿಂದ ಒಂದೊಂದಾಗಿ ಹೊರತೆಗೆದು ಮತ್ತೆ ಲೆಕ್ಕ ಹಾಕಿದರು.