ಪಕ್ಕದ ಮನೆಗೆ ಬರುವ ಪಾರ್ಸೆಲ್ ನಮ್ಮ ಮನೆಗೇಕೆ ಬರುವುದಿಲ್ಲ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಸಿದ್ದಾಪುರ ತಾಲ್ಲೂಕಿನ ಹಳ್ಳಿಯಲ್ಲಿರುವ ಅಪ್ಪ ಅಮ್ಮನಿಗೆ ಒಂದು ಮಿಕ್ಸರ್, ಒಂದು ಪವರ್ ಬ್ಯಾಂಕ್ ಕಳಿಸೋಣವೆಂದು ಆನ್‌ಲೈನ್‌ನಲ್ಲಿ ಆರಿಸಿಕೊಂಡೆ. ಎರಡೂ ಗುರುವಾರ ತಲುಪುತ್ತವೆ ಎಂದು ಪುಟದಲ್ಲಿ ಕಾಣಿಸುತ್ತಿತ್ತು. ಹಣ ಕಟ್ಟುವ ಮೊದಲು ಊರಿನ ವಿಳಾಸ ಆರಿಸಿದ ಕೂಡಲೇ Pincode not serviceable ಎಂದು ಬಂತು. ಹೋದ ವಾರವಷ್ಟೇ ಪಕ್ಕದ ಮನೆಯವರಿಗೆ ಅದೇ ತಾಣದಿಂದ ಪುಸ್ತಕ ಬಂದಿದೆ. ಪಿನ್‌ಕೋಡ್ ಇಬ್ಬರದೂ 581355. ಇದೆಂಥ ಲೆಕ್ಕ?

ಉತ್ತರ: ಆ ಸಂದೇಶ ನಿಮ್ಮ ಪಿನ್‌ಕೋಡನ್ನು ದೂರುವಂತೆ ಕಾಣುತ್ತದೆ, ತೊಡಕು ಅಲ್ಲಿಯೇ ಇರಬೇಕೆಂದಿಲ್ಲ. ಗಣಕ ನಿಜವಾಗಿ ಕೇಳಿಕೊಳ್ಳುವ ಪ್ರಶ್ನೆ ಬೇರೆ: ಈ ಮಾರಾಟಗಾರನ ಗೋದಾಮಿನಿಂದ, ಈ ವಸ್ತುವನ್ನು, ಈ ಬಗೆಯ ಪಾವತಿಗೆ, ಈ ಪಿನ್‌ಕೋಡಿಗೆ ಒಯ್ಯಲು ಒಪ್ಪಿದ ಕೊರಿಯರ್ ಯಾರಾದರೂ ಇದ್ದಾರೆಯೇ? ನಾಲ್ಕರಲ್ಲಿ ಒಂದು ತಪ್ಪಿದರೂ ಉತ್ತರ ‘ಇಲ್ಲ’. ಯಾವುದು ತಪ್ಪಿತು ಎಂದು ಹೇಳುವ ಸೌಜನ್ಯ ಮಾತ್ರ ಪರದೆಗೆ ಇರುವುದಿಲ್ಲ.

ಮೊದಲು ಆ ಗುರುವಾರದ ವಿಷಯ ಮುಗಿಸೋಣ. ವಸ್ತುವಿನ ಪುಟ ತೋರಿಸಿದ್ದು ನಿಮ್ಮ ಬೆಂಗಳೂರಿನ ವಿಳಾಸದ ಲೆಕ್ಕ. ಹಿಂದಿನ ಆರ್ಡರ್‌ನ ವಿಳಾಸವನ್ನೋ ಮೊಬೈಲ್ ಇರುವ ಜಾಗವನ್ನೋ ಹಿಡಿದು ಅದು ದಿನಾಂಕ ಹೇಳುತ್ತದೆ. ಊರಿನ ವಿಳಾಸ ಅದರ ಕೈಗೆ ಸಿಕ್ಕಿದ್ದೇ ಕೊನೆಯ ಹಂತದಲ್ಲಿ. ಪುಟದ ಮೇಲ್ಭಾಗದಲ್ಲೋ ಬೆಲೆಯ ಕೆಳಗೋ ಪಿನ್‌ಕೋಡ್ ಬದಲಿಸುವ ಜಾಗ ಇರುತ್ತದೆ. ಅಲ್ಲಿ ಮೊದಲೇ 581355 ಹಾಕಿಕೊಂಡು ಹುಡುಕಿದ್ದರೆ ಈ ನಿರಾಸೆ ಅರ್ಧ ಗಂಟೆ ಮೊದಲೇ ಆಗಿಬಿಡುತ್ತಿತ್ತು.

ಇನ್ನು ಪಿನ್‌ಕೋಡ್. ಇದು 1972ರ ಆಗಸ್ಟ್ 15ರಂದು ಅಂಚೆ ಇಲಾಖೆ ತನ್ನ ಕಾಗದಪತ್ರಗಳನ್ನು ವಿಂಗಡಿಸಿಕೊಳ್ಳಲು ತಂದ ಸಂಖ್ಯೆ. ಮೊದಲ ಮೂರು ಅಂಕಿಗಳು ವಿಂಗಡಣೆಯ ಪ್ರದೇಶವನ್ನು, ಕೊನೆಯ ಮೂರು ಬಟವಾಡೆ ಮಾಡುವ ಅಂಚೆ ಕಚೇರಿಯನ್ನು ಹೇಳುತ್ತವೆ. ಅಂದರೆ ಅದು ಒಂದು ಊರಿನ ಗುರುತಲ್ಲ, ಒಂದು ಅಂಚೆ ಕಚೇರಿ ನೋಡಿಕೊಳ್ಳುವ ವ್ಯಾಪ್ತಿ. ಪೇಟೆಯ ಅಂಚೆ ಕಚೇರಿಯ ಜೊತೆಗೆ ಸುತ್ತಲಿನ ಹಳ್ಳಿಗಳ ಶಾಖಾ ಕಚೇರಿಗಳೂ ಅದೇ ಸಂಖ್ಯೆಯಲ್ಲಿ ಬರುತ್ತವೆ. ಮಲೆನಾಡಿನಲ್ಲಂತೂ ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಗೂ ಗುಡ್ಡದಾಚೆ ತೋಟದ ನಡುವಿನ ಒಂಟಿಮನೆಗೂ ಒಂದೇ ಪಿನ್‌ಕೋಡ್ ಇರಬಹುದು. ಅಂಚೆಯವರಿಗೆ ಅದು ಸರಿ, ಅವರ ಶಾಖಾ ಕಚೇರಿ ಹಳ್ಳಿಯಲ್ಲೇ ಇದೆ. ಖಾಸಗಿ ಕೊರಿಯರ್‌ನವರಿಗೆ ಇರುವುದು ಪೇಟೆಯಲ್ಲೊಂದು ಸಣ್ಣ ಕೋಣೆ, ನಾಲ್ಕಾರು ಬೈಕು.

ಆ ಕೋಣೆಯ ಲೆಕ್ಕ ನೋಡಿ. ಪೇಟೆಯೊಳಗೆ ಸುತ್ತುವ ಹುಡುಗ ಬೆಳಗಿನಿಂದ ಸಂಜೆಯೊಳಗೆ ಐವತ್ತು ಪಾರ್ಸೆಲ್ ಮುಟ್ಟಿಸುತ್ತಾನೆ ಎಂದುಕೊಳ್ಳಿ. ಅವನನ್ನೇ ಮೂವತ್ತು ಕಿಲೋಮೀಟರ್ ದೂರದ ಹಳ್ಳಿಯ ಕಡೆಗೆ ಅಟ್ಟಿದರೆ ಐದಾರು ಪಾರ್ಸೆಲ್‌ಗೆ ದಿನ ಮುಗಿಯುತ್ತದೆ. ಮನೆಯಲ್ಲಿ ಯಾರೂ ಇರದಿದ್ದರೆ, ಫೋನ್‌ಗೆ ಸಿಗ್ನಲ್ ಸಿಗದಿದ್ದರೆ, ನಾಳೆ ಮತ್ತೆ ಅದೇ ದಾರಿ. ಹಾಗಾಗಿ ಪ್ರತಿ ಕೊರಿಯರ್ ಸಂಸ್ಥೆ ತಾನು ಎಲ್ಲಿಗೆ ಹೋಗುತ್ತೇನೆ ಎಂಬ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಕೆಲವು ವರ್ಷ ಸಣ್ಣ ಮಾರಾಟಗಾರರ ಪಾರ್ಸೆಲ್ ಕಟ್ಟಿಸುವ ಕೆಲಸ ನೋಡಿಕೊಂಡವನು ನಾನು. ನಮಗೆ ಬರುತ್ತಿದ್ದ ಪಟ್ಟಿಯ ಒಂದು ಸಾಲು ಹೆಚ್ಚುಕಡಿಮೆ ಹೀಗಿರುತ್ತಿತ್ತು:

```
5813xx  prepaid: Y  cod: N  pickup: N
```

ಮೊದಲೇ ಹಣ ಕಟ್ಟಿದ ಪಾರ್ಸೆಲ್ ಆದರೆ ಒಯ್ಯುತ್ತೇವೆ, ಮನೆ ಬಾಗಿಲಲ್ಲಿ ಹಣ ಪಡೆಯುವುದಿಲ್ಲ, ವಾಪಸ್ ಕೊಡುವ ವಸ್ತುವನ್ನು ಬಂದು ಒಯ್ಯುವುದಿಲ್ಲ ಎಂದು ಇದರ ಅರ್ಥ. ಅಷ್ಟು ದೂರದಿಂದ ನಗದು ಹೊತ್ತು ತಂದು, ಎಣಿಸಿ, ಬ್ಯಾಂಕಿಗೆ ಕಟ್ಟುವ ಉಸಾಬರಿ ಅವರಿಗೆ ಬೇಡ.

ಆ ಕೊನೆಯ ‘ಇಲ್ಲ’ ಕೊಡುವ ಪೆಟ್ಟನ್ನು ಗ್ರಾಹಕರು ಊಹಿಸುವುದೇ ಇಲ್ಲ. ಬಟ್ಟೆ, ಚಪ್ಪಲಿ, ಮಿಕ್ಸರ್‌ಗಳಂಥ ವಸ್ತುಗಳನ್ನು ಇಷ್ಟು ದಿನದೊಳಗೆ ವಾಪಸ್ ಪಡೆಯುತ್ತೇವೆ ಎಂಬ ಭರವಸೆಯೊಂದಿಗೆ ಮಾರುತ್ತಾರೆ. ವಾಪಸ್ ತರಲು ಆಳಿಲ್ಲದ ಕಡೆ ಆ ಭರವಸೆ ಉಳಿಸಿಕೊಳ್ಳಲಾಗದು. ಆದ್ದರಿಂದ ಅಂಥ ವಸ್ತುಗಳನ್ನು ಆ ಪಿನ್‌ಕೋಡಿಗೆ ಮಾರುವುದನ್ನೇ ನಿಲ್ಲಿಸಿಬಿಡುತ್ತಾರೆ. ಪುಸ್ತಕಕ್ಕೆ ಈ ತಾಪತ್ರಯ ಕಡಿಮೆ. ಅರ್ಧ ಕಿಲೋ ತೂಗುತ್ತದೆ, ಕೆಡುವುದಿಲ್ಲ, ಬಿದ್ದರೆ ಒಡೆಯುವುದಿಲ್ಲ, ಅಂಚೆಯಲ್ಲಿ ಹಾಕಿದರೂ ತಲುಪುತ್ತದೆ. ನಿಮ್ಮ ಪಕ್ಕದ ಮನೆಯವರ ಅದೃಷ್ಟ ಅಷ್ಟೇ.

ಪವರ್ ಬ್ಯಾಂಕ್‌ನ ಕಥೆ ಬೇರೆ. ಅದು ಲಿಥಿಯಂ ಬ್ಯಾಟರಿ. ಬಿಡಿಯಾಗಿ ಸಾಗುವ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕ ವಿಮಾನದಲ್ಲಿ ಸರಕಾಗಿ ಒಯ್ಯುವುದಕ್ಕೆ 2016ರ ಏಪ್ರಿಲ್‌ನಿಂದ ಅಂತರರಾಷ್ಟ್ರೀಯ ನಿಷೇಧವಿದೆ. ಸುಗಂಧದ್ರವ್ಯ, ಸ್ಪ್ರೇ ಡಬ್ಬಿಗಳಿಗೂ ಇಂಥದೇ ಕಟ್ಟುಪಾಡುಗಳಿವೆ. ಇಂಥವು ಸಾಮಾನ್ಯವಾಗಿ ರಸ್ತೆಯ ಮೇಲೆಯೇ ಬರುತ್ತವೆ. ಮಾರಾಟಗಾರ ಬೆಂಗಳೂರಿನಲ್ಲಿದ್ದರೆ ಲಾರಿಯಲ್ಲಿ ಹೇಗೂ ಬರುತ್ತದೆ, ತೊಂದರೆಯಿಲ್ಲ. ಅವನು ದೆಹಲಿಯಲ್ಲಿದ್ದು, ದೂರದ ಊರುಗಳಿಗೆಲ್ಲ ವಿಮಾನದ ಸೇವೆಯೊಂದನ್ನೇ ನಂಬಿದ್ದರೆ ಪವರ್ ಬ್ಯಾಂಕ್‌ಗೆ ದಾರಿಯೇ ಇಲ್ಲ. ಅಂಡಮಾನ್‌ನಲ್ಲಿರುವವರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿಗೆ ವಿಮಾನ ಬಿಟ್ಟರೆ ಹಡಗೇ ಗತಿ.

ಮಾರಾಟಗಾರನ ಕಡೆಯಿಂದ ಬರುವ ಅಡ್ಡಿಯೂ ಒಂದಿದೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ವಿಚಿತ್ರವಾದದ್ದು ಇದೇ. ವಹಿವಾಟು ಜಿಎಸ್‌ಟಿ ನೋಂದಣಿಯ ಮಿತಿಗಿಂತ ಕಡಿಮೆ ಇರುವ ಸಣ್ಣ ವ್ಯಾಪಾರಿಗಳು 2023ರ ಅಕ್ಟೋಬರ್ 1ರಿಂದ ನೋಂದಣಿ ಇಲ್ಲದೆಯೂ ಆನ್‌ಲೈನ್ ತಾಣಗಳ ಮೂಲಕ ಸರಕು ಮಾರಬಹುದು. ಆದರೆ ತಮ್ಮ ರಾಜ್ಯದೊಳಗೆ ಮಾತ್ರ. ವಹಿವಾಟಿನ ಮೇಲೆ ನಿಗದಿತ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ರಾಜಿ ತೆರಿಗೆ ಪದ್ಧತಿಯಲ್ಲಿರುವ ವ್ಯಾಪಾರಿಗಳಿಗೂ ಹೊರರಾಜ್ಯಕ್ಕೆ ಮಾರುವ ಅವಕಾಶವಿಲ್ಲ. ಇದರ ಫಲ ನೋಡಿ: ಅತ್ತಿಬೆಲೆಯಲ್ಲಿ ಕುಳಿತು ಮಣ್ಣಿನ ಹಣತೆ ಮಾರುವ ಅಂಥ ವ್ಯಾಪಾರಿ ರಾಜ್ಯದ ಆ ತುದಿಯ ಬೀದರ್‌ಗೆ ಪಾರ್ಸೆಲ್ ಕಳಿಸಬಹುದು, ಕಣ್ಣಳತೆಯ ಹೊಸೂರಿಗೆ ಕಳಿಸುವಂತಿಲ್ಲ. ಹೊಸೂರಿನ ಗ್ರಾಹಕನಿಗೆ ಪರದೆಯ ಮೇಲೆ ಕಾಣುವುದು ಮಾತ್ರ ಅದೇ ಹಳೆಯ ಪಿನ್‌ಕೋಡ್ ವಾಕ್ಯವೇ ಆಗಿರಬಹುದು. ಕೊರಿಯರ್ ಬೈಕು ದಿನಾ ಅವನ ಬೀದಿಯಲ್ಲಿ ಓಡಾಡಿದರೂ ಪ್ರಯೋಜನವಿಲ್ಲ. ಇನ್ನು ಕೆಲವು ಮಾರಾಟಗಾರರು ತಾವಾಗಿಯೇ ಹತ್ತಿರದ ಪ್ರದೇಶಕ್ಕೆ ಮಾತ್ರ ಎಂದು ಗುರುತು ಹಾಕಿಕೊಂಡಿರುತ್ತಾರೆ. ದೂರದಿಂದ ಒಡೆದು ವಾಪಸ್ ಬಂದ ಗಾಜಿನ ಜಾಡಿಗಳನ್ನು ನಾಲ್ಕು ಸಲ ಕಂಡ ಮೇಲೆ ಯಾರಾದರೂ ಹಾಗೆ ಮಾಡುತ್ತಾರೆ.

ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದಾಗ, ಹಬ್ಬದ ದಿನಗಳಲ್ಲಿ ಕೋಣೆ ತುಂಬಿ ಪಾರ್ಸೆಲ್‌ಗಳು ಜಗಲಿಗೆ ಬಂದಾಗ ಕೊರಿಯರ್‌ನವರು ಕೆಲವು ಪಿನ್‌ಕೋಡ್‌ಗಳನ್ನು ತಾತ್ಕಾಲಿಕವಾಗಿ ಮುಚ್ಚುವುದೂ ಉಂಟು. ನಿನ್ನೆ ಬರುತ್ತಿದ್ದದ್ದು ಇಂದು ಬರುವುದಿಲ್ಲ ಎಂದಾದರೆ ಒಂದು ವಾರ ಬಿಟ್ಟು ನೋಡುವುದೇ ಮದ್ದು.

ನಿಮ್ಮದು ಇವುಗಳಲ್ಲಿ ಯಾವುದು ಎಂದು ಕಂಡುಕೊಳ್ಳಲು ಹೆಚ್ಚು ಕಷ್ಟಪಡಬೇಕಿಲ್ಲ. ಬುಟ್ಟಿಯಲ್ಲಿರುವ ಎರಡೂ ವಸ್ತುಗಳನ್ನು ಬೇರೆ ಬೇರೆಯಾಗಿ ನೋಡಿ. ಒಂದರ ದೋಷಕ್ಕೆ ಇಡೀ ಆರ್ಡರ್ ನಿಂತಿರುತ್ತದೆ ಎಷ್ಟೋ ಸಲ. ಆಮೇಲೆ ಕ್ಯಾಶ್ ಆನ್ ಡೆಲಿವರಿ ಬಿಟ್ಟು ಮೊದಲೇ ಪಾವತಿ ಎಂದು ಬದಲಿಸಿ. ಆಗ ದಾರಿ ತೆರೆದರೆ ಅಡ್ಡಿ ನಗದಿನದು. ತೆರೆಯದಿದ್ದರೆ ಅದೇ ಮಿಕ್ಸರನ್ನು ಮಾರುವ ಬೇರೆ ಮಾರಾಟಗಾರರ ಪಟ್ಟಿ ಪುಟದಲ್ಲೇ ಕೆಳಗೆಲ್ಲೋ ಇರುತ್ತದೆ, ಅದನ್ನು ತೆರೆಯಿರಿ. ತಾಣದ ಸ್ವಂತ ಗೋದಾಮಿನಿಂದ ಹೊರಡುವ ಸರಕಿಗೆ ಸಾಮಾನ್ಯವಾಗಿ ಹೆಚ್ಚು ಊರುಗಳು ತೆರೆದಿರುತ್ತವೆ. ನೂರಿನ್ನೂರು ರೂಪಾಯಿ ಹೆಚ್ಚಾದರೂ ಅಲ್ಲಿ ಸಿಗಬಹುದು. ಯಾವ ಮಾರಾಟಗಾರನೂ ಒಪ್ಪದೆ, ಪುಸ್ತಕದಂಥ ಹಗುರ ವಸ್ತು ಮಾತ್ರ ಬರುತ್ತದೆ ಎಂದಾದರೆ, ವಾಪಸಾತಿಯ ಅಥವಾ ತೂಕದ ಅಡ್ಡಿ ಎಂದು ತಿಳಿಯಿರಿ. ಪುಸ್ತಕವೂ ಬಾರದಿದ್ದರೆ ಮಾತ್ರ ನಿಜಕ್ಕೂ ಪಿನ್‌ಕೋಡಿನದೇ ಸಮಸ್ಯೆ. ನಿಮ್ಮದು ಹಾಗಲ್ಲ ಎಂದು ಪಕ್ಕದ ಮನೆಯ ಪುಸ್ತಕವೇ ಹೇಳುತ್ತಿದೆ.

ಹಲವರು ಕೊಡುವ ಒಂದು ಉಪಾಯವಿದೆ: ಹಳ್ಳಿಯ ವಿಳಾಸವನ್ನೇ ಬರೆದು ಪಿನ್‌ಕೋಡ್ ಮಾತ್ರ ಶಿರಸಿಯದು, ಅಂದರೆ 581401, ಹಾಕಿಬಿಡಿ ಎನ್ನುತ್ತಾರೆ. ದಯವಿಟ್ಟು ಬೇಡ. ಯಂತ್ರ ವಿಂಗಡಿಸುವುದು ಪಿನ್‌ಕೋಡನ್ನು ನೋಡಿ, ನೀವು ಬರೆದ ಊರಿನ ಹೆಸರನ್ನಲ್ಲ. ಪಾರ್ಸೆಲ್ ಶಿರಸಿಗೆ ಹೋಗುತ್ತದೆ. ಅಲ್ಲಿಯ ಹುಡುಗ ವಿಳಾಸ ಓದಿ ‘ನಮ್ಮ ವ್ಯಾಪ್ತಿಯಲ್ಲ’ ಎಂದು ಬದಿಗಿಡುತ್ತಾನೆ. ಎರಡು ಮೂರು ದಿನ ‘ವಿಳಾಸ ಸರಿಯಿಲ್ಲ’ ಎಂಬ ಸಂದೇಶ ಬಂದು, ಮಿಕ್ಸರ್ ಹೊರಟಲ್ಲಿಗೇ ಹಿಂದಿರುಗುತ್ತದೆ.

ಅದರ ಬದಲು ಪೇಟೆಯಲ್ಲಿರುವ ನೆಂಟರ ಮನೆಯದೋ ಪರಿಚಯದ ಅಂಗಡಿಯದೋ ಪೂರ್ತಿ ವಿಳಾಸ, ಅವರದೇ ಪಿನ್‌ಕೋಡ್, ಅವರದೇ ಫೋನ್ ಸಂಖ್ಯೆ ಕೊಡಿ. ಸಿದ್ದಾಪುರ ಪೇಟೆಯ ವಿಳಾಸ ಕೊಟ್ಟು ಪ್ರಯೋಜನವಿಲ್ಲ, ಅಲ್ಲಿಯ ಪಿನ್‌ಕೋಡೂ 581355. ಗಣಕಕ್ಕೆ ಎರಡಕ್ಕೂ ವ್ಯತ್ಯಾಸ ತಿಳಿಯದು. ಶಿರಸಿಯಲ್ಲಿ ಯಾರಾದರೂ ಇದ್ದರೆ ಅವರ ವಿಳಾಸ ಹಾಕಿ ನೋಡಿ. ಅಪ್ಪ ಸಂತೆಗೆ ಹೋದಾಗ ತರಬಹುದು. ಒಂದೇ ಎಚ್ಚರಿಕೆ: ವಾಪಸ್ ಕೊಡಬೇಕಾದರೆ ಕೊರಿಯರ್‌ನವರು ಬರುವುದೂ ಅದೇ ವಿಳಾಸಕ್ಕೆ. ಹಾಗಾಗಿ ಪೆಟ್ಟಿಗೆಯನ್ನು ಅಲ್ಲೇ ಬಿಚ್ಚಿ, ಜಾರಿನ ಮುಚ್ಚಳ ಕೂರುತ್ತದೆಯೇ ನೋಡಿ, ಪ್ಲಗ್ ಹಾಕಿ ಒಮ್ಮೆ ತಿರುಗಿಸಿಯೇ ಬಸ್ ಹತ್ತಲು ಹೇಳಿ.